47 ಇಮೇಲ್‌ಗಳಿಗೆ ಒಂದು ಉತ್ತರ

ಪ್ರಶ್ನೆ: ಒಂದೇ ವಿಷಯದ ಮೇಲೆ ನಲವತ್ತು ಐವತ್ತು ಇಮೇಲ್ ಓಡಾಡಿದ ಮೇಲೆ ಉತ್ತರ ಬರೆಯುವ ಕೆಲಸ ನನ್ನ ತಲೆಗೆ ಬರುತ್ತದೆ. ಮುಖ್ಯವಾದದ್ದು ಯಾವುದೂ ಬಿಟ್ಟುಹೋಗದ ಹಾಗೆ ಸಾರಾಂಶ ಮಾಡಿಕೊಳ್ಳುವುದು ಹೇಗೆ?

ನಾನು ಶಿರಸಿಯಲ್ಲಿ ಕಾಳುಮೆಣಸಿನ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಮುಂಬೈಯ ಖರೀದಿದಾರರೊಬ್ಬರ ಜೊತೆ ಮೂರು ವಾರ ನಡೆದ 47 ಇಮೇಲ್‌ಗಳಲ್ಲಿ ಒಂದೇ ಒಂದು ಸಾಲು ನನ್ನ ಕಣ್ಣು ತಪ್ಪಿಸಿತು. ಅದರಿಂದಾಗಿ ಬಾಯಿ ಹೊಲಿದು ಅಟ್ಟಿಯಿಟ್ಟಿದ್ದ 80 ಚೀಲಗಳನ್ನು ಬಿಚ್ಚಿಸಿ ಮತ್ತೆ ತುಂಬಿಸಬೇಕಾಯಿತು.

ತಪ್ಪಿದ್ದು ಹೀಗೆ. ನಾವು ಒಂದು ಇಮೇಲ್‌ನಲ್ಲಿ ನಾಲ್ಕು ವಿಷಯ ಕೇಳಿದ್ದೆವು. ಅವರು ಮೇಲೆ ‘ಉತ್ತರಗಳು ಕೆಳಗಿವೆ’ ಎಂದಷ್ಟೇ ಬರೆದು, ನಮ್ಮ ಹಳೆಯ ಪಠ್ಯದ ಒಂದೊಂದು ಸಾಲಿನ ಕೆಳಗೆ ತಮ್ಮ ಉತ್ತರ ಸೇರಿಸಿದ್ದರು. ಹಳೆಯ ಪಠ್ಯವನ್ನು ಜಿಮೇಲ್ ಮೂರು ಚುಕ್ಕೆಗಳ ಗುಂಡಿಯ ಹಿಂದೆ ಮಡಚಿಡುವುದರಿಂದ, ‘ತಲಾ 50 ಕೆಜಿ ಚೀಲ’ ಎಂಬ ನಮ್ಮ ಸಾಲಿನ ಕೆಳಗಿದ್ದ ‘25 ಕೆಜಿ ಸಾಕು’ ಎಂಬ ಮಾತು ಅದರೊಳಗೇ ಉಳಿಯಿತು. ಎಲ್ಲವನ್ನೂ ಒಟ್ಟಿಗೆ ಓದೋಣವೆಂದು ನಾನು Print all ಒತ್ತಿದ್ದೆ. ಆ ಪುಟದಲ್ಲಿಯೂ ಅಂಥ ಜಾಗದಲ್ಲಿ [Quoted text hidden] ಎಂದಷ್ಟೇ ಬರುತ್ತದೆ. ಆದ್ದರಿಂದ ಮೊದಲು ಸರಣಿಯನ್ನು Expand all ಮೂಲಕ ಪೂರ್ತಿ ತೆರೆದು, ಮೇಲಿನ ಮಾತು ತೀರಾ ಚಿಕ್ಕದಾಗಿರುವ ಪ್ರತಿ ಇಮೇಲ್‌ನಲ್ಲಿಯೂ ಆ ಮೂರು ಚುಕ್ಕೆಗಳನ್ನು ಒತ್ತಿ ನೋಡಿ.

ಓದುವುದನ್ನು ಹಳೆಯದರಿಂದ ಆರಂಭಿಸಿ. ಕೊನೆಯ ಇಮೇಲ್‌ನ ಬಾಲದಲ್ಲಿ ಹಿಂದಿನದೆಲ್ಲ ಇರುತ್ತದೆ ಎಂದು ನಂಬುವವರು ಬಹಳ ಮಂದಿ. ಆದರೆ ಒಂದೇ ಇಮೇಲ್‌ಗೆ ಇಬ್ಬರು ಬೇರೆ ಬೇರೆಯಾಗಿ ಉತ್ತರಿಸಿದಾಗ ಸರಣಿ ಕವಲೊಡೆಯುತ್ತದೆ, ಒಂದು ಕವಲಿನ ಮಾತು ಇನ್ನೊಂದರ ಬಾಲದಲ್ಲಿ ಇರುವುದಿಲ್ಲ. ಲಗತ್ತುಗಳ ಕಥೆಯೂ ಅದೇ. ಒಂಬತ್ತನೆಯ ಇಮೇಲ್‌ನಲ್ಲಿ ನಾವು ಕಳಿಸಿದ್ದ ಮಾದರಿಯ ಪರೀಕ್ಷಾ ವರದಿ ಮುಂದಿನ ಉತ್ತರಗಳ ಜೊತೆ ಸಾಗಲಿಲ್ಲವಾದ್ದರಿಂದ, ಮೂವತ್ತೊಂದನೆಯದರಲ್ಲಿ ಸೇರಿಕೊಂಡ ಅವರ ಗೋದಾಮಿನವರು ಅದನ್ನು ಕಂಡಿರಲೇ ಇಲ್ಲ.

ಓದುತ್ತ ಹೋದಂತೆ ನಾನು ನೋಟ್‌ಬುಕ್ಕಿನಲ್ಲಿ ವಿಷಯಕ್ಕೊಂದು ಸಾಲು ಹಾಕುತ್ತೇನೆ, ಇಮೇಲ್‌ಗೊಂದಲ್ಲ. ತೂಕ, ದರ, ತೇವಾಂಶ, ಚೀಲ, ಲಾರಿ ಹೊರಡುವ ದಿನ: ಈ ವ್ಯವಹಾರದಲ್ಲಿ ಐದೇ ಸಾಲು. ಪ್ರತಿ ಸಾಲಿನ ಮುಂದೆ ಕೊನೆಯದಾಗಿ ನಿಂತ ಮಾತು, ಅದನ್ನು ಹೇಳಿದವರು, ಆ ದಿನಾಂಕ, ಮತ್ತು ಎದುರಿನವರು ಒಪ್ಪಿದ ದಿನಾಂಕ. ಮಾತು ಬದಲಾದರೆ ಹಳೆಯದನ್ನು ಅಳಿಸದೆ ಗೀಟು ಎಳೆಯುತ್ತೇನೆ. 5 ಟನ್ ಎಂದಿದ್ದದ್ದು ನಡುವೆ 4 ಟನ್ ಆಯಿತು ಎಂಬುದು ಕಾಣುತ್ತಿದ್ದರೆ, ಹಳೆಯ ಅಂಕಿಯನ್ನೇ ಹಿಡಿದುಕೊಂಡಿರುವವರನ್ನು ಗುರುತಿಸುವುದು ಸುಲಭ. ‘ಬರುವ ಸೋಮವಾರ’ ಎಂದಿದ್ದರೆ ಆ ಇಮೇಲ್‌ನ ದಿನಾಂಕ ನೋಡಿ ತಾರೀಖನ್ನೇ ಬರೆದುಕೊಳ್ಳಬೇಕು. ಹತ್ತು ದಿನ ಕಳೆದ ಮೇಲೆ ಓದುವವರಿಗೆ ಅದು ಬೇರೆಯೇ ಸೋಮವಾರವಾಗುತ್ತದೆ.

‘ಒಪ್ಪಿದ ದಿನಾಂಕ’ದ ಜಾಗ ಖಾಲಿ ಉಳಿದ ಸಾಲುಗಳೇ ನಿಮ್ಮ ಉತ್ತರದ ನಿಜವಾದ ವಿಷಯ. ಅವರು ಕೇಳಿದ್ದು ಶೇಕಡಾ 11ಕ್ಕಿಂತ ಹೆಚ್ಚಿಲ್ಲದ ತೇವಾಂಶ. ಮಲೆನಾಡಿನ ಜುಲೈ ತಿಂಗಳಲ್ಲಿ ಒಣಗಿಸಿಟ್ಟ ಮೆಣಸೂ ಗಾಳಿಯ ಪಸೆ ಹೀರಿಕೊಳ್ಳುತ್ತದೆ ಎಂದು ನಮ್ಮ ಯಜಮಾನರು 12ರವರೆಗೆ ಬಿಡಿ ಎಂದು ಬರೆಸಿದ್ದರು. ಅದರ ನಂತರ ದರದ ಚರ್ಚೆ ನಡೆಯಿತು, ಲಾರಿಯ ಚರ್ಚೆ ನಡೆಯಿತು, ಈ ಮಾತಿಗೆ ಮಾತ್ರ ಯಾರೂ ಉತ್ತರಿಸಲಿಲ್ಲ. ಬೇಡವೆನ್ನಲಿಲ್ಲ, ಹಾಗಾಗಿ ಒಪ್ಪಿದ್ದಾರೆ ಎಂದು ಯಜಮಾನರು ತಿಳಿದಿದ್ದರು. ನನ್ನ ಪುಸ್ತಕದಲ್ಲಿ ಅದು ಇತ್ಯರ್ಥವಾಗದ ವಿಷಯ.

ಅಂಕಿ ಮತ್ತು ಷರತ್ತುಗಳನ್ನು ಮಾತ್ರ ನಿಮ್ಮ ಮಾತಿನಲ್ಲಿ ಹೇಳಲು ಹೋಗಬೇಡಿ, ಅವರು ಬರೆದ ಹಾಗೆಯೇ ಇಳಿಸಿಕೊಳ್ಳಿ. ‘ಸಾಧ್ಯವಾದರೆ 20ರೊಳಗೆ’ ಎಂಬುದು ಸಾರಾಂಶದಲ್ಲಿ ‘20ರೊಳಗೆ’ ಆಗಿಬಿಟ್ಟರೆ ಅವರು ಕೊಡದ ಮಾತನ್ನು ನಾವೇ ಕೊಡಿಸಿದಂತಾಗುತ್ತದೆ.

47 ಇಮೇಲ್‌ಗಳಿಗೆ ಈ ರೀತಿಯಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಚೀಲದ ಪ್ರಮಾದ ಸಿಕ್ಕಿದ್ದು ಈ ಎರಡನೆಯ ಓದಿನಲ್ಲಿಯೇ, ಪುಣ್ಯಕ್ಕೆ ಲಾರಿ ಬರುವ ಮೊದಲು. ಉತ್ತರದ ಮೊದಲಿಗೆ ಆ ಐದು ಸಾಲುಗಳನ್ನೇ ಹಾಕಿ, ‘ನಾವು ತಿಳಿದುಕೊಂಡಿರುವುದು ಇಷ್ಟು, ತಪ್ಪಿದ್ದರೆ ತಿದ್ದಿ’ ಎಂದು ಬರೆದು, ಅದರ ಕೆಳಗೆ ತೇವಾಂಶದ ಪ್ರಶ್ನೆಯೊಂದನ್ನೇ ಕೇಳಿ, ಪರೀಕ್ಷಾ ವರದಿಯನ್ನು ಮತ್ತೊಮ್ಮೆ ಲಗತ್ತಿಸಿ, ಗೋದಾಮಿನವರನ್ನೂ ಸೇರಿಸಿ ಕಳಿಸಿದೆ. ಮರುದಿನ ಬಂದ ಉತ್ತರದಲ್ಲಿ ತೇವಾಂಶ 11.5ಕ್ಕೆ ಇತ್ಯರ್ಥವಾಯಿತು, ದರದ ಸಾಲಿನಲ್ಲಿ ಸಾಗಣೆ ಖರ್ಚು ಯಾರದು ಎಂಬುದನ್ನು ನಾನು ಬರೆದಿಲ್ಲವೆಂದು ಅವರೇ ಸೇರಿಸಿದ್ದರು.