ಸೆಲೆಕ್ಟ್ ಆದರೂ ತಿದ್ದಲು ಬಾರದ ಪಿಡಿಎಫ್

"ಮದುವೆ ಪತ್ರಿಕೆಯ ಎರಡು ಪಿಡಿಎಫ್ ಇವೆ, ಒಂದರಲ್ಲಿ 14 ಅನ್ನು 17 ಮಾಡಬಹುದು, ಇನ್ನೊಂದರಲ್ಲಿ ಅಕ್ಷರ ಸೆಲೆಕ್ಟ್ ಆದರೂ ಬದಲಾಗಲ್ಲ, ಯಾಕೆ?"

ಎರಡನೆಯದು ಒಸಿಆರ್ ಮಾಡಿದ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಗುರುತಿಸಿದ ಸ್ಕ್ಯಾನ್ ಇರಬೇಕು. ಅದರಲ್ಲಿ ಕಾಣುವುದು ಚಿತ್ರ, ಸೆಲೆಕ್ಟ್ ಆಗುವುದು ಅದರ ಜೊತೆಗಿರುವ ಕಣ್ಣಿಗೆ ಕಾಣದ ಪಠ್ಯದ ಪದರ. ಆ ಪದರ ತಿದ್ದಿದರೂ ಚಿತ್ರದ 14 ಹಾಗೇ ಇರುತ್ತೆ. 800% ಝೂಮ್ ಮಾಡಿ ನೋಡಿ, ಅಂಚು ಚೌಕ ಚೌಕವಾಗಿ ಒಡೆದರೆ ಚಿತ್ರವೇ.

ಮೊದಲನೆಯದರಲ್ಲೂ ಒಂದು ತೊಡಕಿದೆ. ಪಿಡಿಎಫ್ ಒಳಗೆ ಸಾಮಾನ್ಯವಾಗಿ ಬಳಸಿದ ಅಕ್ಷರಗಳ ಆಕಾರ ಮಾತ್ರ ಇರುತ್ತೆ, ಪತ್ರಿಕೆಯಲ್ಲಿ 7 ಎಲ್ಲೂ ಇಲ್ಲದಿದ್ದರೆ ಬೇರೆ ಫಾಂಟ್‌ನ 7 ಬಂದು ಕೂರುತ್ತೆ, ಇಲ್ಲವೇ ಖಾಲಿ ಡಬ್ಬಿ. ಅದೇ ಫಾಂಟ್ ನಿಮ್ಮ ಕಂಪ್ಯೂಟರಿಗೆ ಹಾಕಿಕೊಂಡು ತಿದ್ದಿ.

ಸ್ಕ್ಯಾನ್ ಅನ್ನೇ ತಿದ್ದಬೇಕಾದರೆ ಪುಟವನ್ನು ಸ್ಕ್ಯಾನ್ ಮಾಡಿದಷ್ಟೇ ರೆಸಲ್ಯೂಶನ್‌ನಲ್ಲಿ (ಸಾಮಾನ್ಯವಾಗಿ 300 ಡಿಪಿಐ) GIMP ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆಯಿರಿ. 4ರ ಮೇಲೆ ಬಿಳಿ ಬಳಿಯಬೇಡಿ, ಸ್ಕ್ಯಾನ್ ಆದ ಕಾಗದ ಅಪ್ಪಟ ಬಿಳಿ ಇರಲ್ಲ, ತೇಪೆ ಎದ್ದು ಕಾಣುತ್ತೆ. ಪಕ್ಕದ ಖಾಲಿ ಜಾಗವನ್ನೇ ಅದರ ಮೇಲೆ ಕ್ಲೋನ್ ಮಾಡಿ, 7 ಬರೆದು, ಅಂಚನ್ನು ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಮಾಡಿ. ಪತ್ರಿಕೆಯಲ್ಲಿ ಬೇರೆಲ್ಲಾದರೂ 7 ಇದ್ದರೆ ಅದನ್ನೇ ಕಾಪಿ ಮಾಡಿ, ಫಾಂಟ್ ಹುಡುಕುವ ತಲೆನೋವೇ ಇರಲ್ಲ.