ಕೆಮ್ಮಿದರೆ ತಲೆಯ ಹಿಂಭಾಗದಲ್ಲಿ ನೋವು: ಸಿಟಿ ನಾರ್ಮಲ್ ಬಂದರೆ ಚಿಯಾರಿ ಇಲ್ಲ ಅಂತಲಾ?

"ಕೆಮ್ಮಿದಾಗ, ಸೀನಿದಾಗ, ಮುಕ್ಕಿದಾಗ ತಲೆಯ ಹಿಂದೆ ಒಡೆದುಹೋಗೋ ಹಾಗೆ ನೋವು. ಒಂದು ನಿಮಿಷಕ್ಕೆ ಹೋಗುತ್ತೆ. ಸಿಟಿ ಸ್ಕ್ಯಾನ್ ನಾರ್ಮಲ್. ಇನ್ನೂ ಎಂಆರ್‌ಐ ಬೇಕಾ?"

ಬೇಕು. ನಾನು ಎಂಆರ್‌ಐ ವಿಭಾಗದಲ್ಲಿ ಟೆಕ್ನಿಷಿಯನ್. ನನ್ನ ಅತ್ತಿಗೆಗೂ ಹೀಗೇ ಆಗಿತ್ತು. ಸೈನಸ್ ಅಂದರು, ಕನ್ನಡಕ ಬದಲಿಸಿದರು, ಸಿಟಿಯಲ್ಲೂ ಏನೂ ಕಾಣಲಿಲ್ಲ.

ಕಿರುಮೆದುಳಿನ ಕೆಳತುದಿಗೆ ಟಾನ್ಸಿಲ್ ಅಂತಾರೆ. ಗಂಟಲಿನದ್ದಲ್ಲ, ಹೆಸರು ಮಾತ್ರ ಒಂದೇ. ಚಿಯಾರಿ ಅನ್ನೋ ತೊಂದರೆಯಲ್ಲಿ ಇದು ತಲೆಬುರುಡೆಯ ತಳದ ರಂಧ್ರದಿಂದ ಕತ್ತಿನ ಕಡೆಗೆ ಜಾರಿರುತ್ತದೆ. ಕೆಮ್ಮಿದಾಗ ಎದೆ, ಹೊಟ್ಟೆಯ ಒತ್ತಡ ಬೆನ್ನುಹುರಿಯ ಸುತ್ತಲಿನ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ನೀರು ಕೂಡಲೇ ಕೆಳಗೆ ಇಳಿಯಬೇಕು. ದಾರಿಯಲ್ಲಿ ಟಾನ್ಸಿಲ್ ಬಿರಡೆ ಹಾಗೆ ಕೂತಿದ್ದರೆ ತಲೆಯೊಳಗೆ ಒತ್ತಡ ಏರುತ್ತದೆ. ಅದು ಇಳಿಯೋವರೆಗೆ ನೋವು.

ಸಿಟಿಯಲ್ಲಿ ಈ ಜಾಗದ ಸುತ್ತ ದಪ್ಪ ಮೂಳೆ ಇರುವುದರಿಂದ ಚಿತ್ರ ಮಸುಕಾಗುತ್ತದೆ. ಎಂಆರ್‌ಐಯಲ್ಲಿ ತಲೆಯನ್ನು ಮಧ್ಯಕ್ಕೆ ಸೀಳಿ ಪಕ್ಕದಿಂದ ನೋಡಿದ ಹಾಗೆ ಚಿತ್ರ ಸಿಗುತ್ತದೆ. ರಂಧ್ರದ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಒಂದು ಗೆರೆ ಎಳೆದು, ಟಾನ್ಸಿಲ್ ಅದಕ್ಕಿಂತ ಎಷ್ಟು ಕೆಳಗಿದೆ ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ 5 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಚಿಯಾರಿ ಅನ್ನುತ್ತಾರೆ. ಅಷ್ಟು ಇಳಿದಿದ್ದೂ ಏನೂ ತೊಂದರೆ ಇಲ್ಲದವರಿದ್ದಾರೆ. ಹಾಗಾಗಿ ಅಳತೆ ಒಂದೇ ಸಾಲದು. ಟಾನ್ಸಿಲ್ ತುದಿ ಚೂಪಾಗಿದೆಯಾ, ಸುತ್ತ ನೀರಿಗೆ ಜಾಗ ಉಳಿದಿದೆಯಾ ಅಂತಲೂ ನೋಡಬೇಕು. ನೀರಿನ ಹರಿವನ್ನೇ ತೋರಿಸುವ ಸಿನಿ ಎಂಆರ್‌ಐ ಕೂಡ ಇದೆ.

ಅತ್ತಿಗೆಗೆ 11 ಮಿ.ಮೀ. ಇಳಿದಿತ್ತು. ಸ್ಕ್ಯಾನ್‌ಗೆ ಮಲಗಿಸುವಾಗ ಬಲಗೈ ಬೆರಳಲ್ಲಿ ಬೊಬ್ಬೆ ಕಂಡಿತು. "ಕುಕ್ಕರ್ ಮುಟ್ಟಿದ್ದೆ, ಬಿಸಿ ಅಂತ ಗೊತ್ತೇ ಆಗಲಿಲ್ಲ ಕಣಪ್ಪ" ಅಂದರು. ನನ್ನ ಎದೆ ಧಸಕ್ ಅಂತು. ಡಾಕ್ಟರಿಗೆ ಹೇಳಿ ಕತ್ತಿನ ಭಾಗವನ್ನೂ ತೆಗೆಸಿದೆವು. ಬೆನ್ನುಹುರಿಯೊಳಗೆ ನೀರು ತುಂಬಿ ಕೊಳವೆ ಹಾಗೆ ಆಗಿತ್ತು. ಇದಕ್ಕೆ ಸಿರಿಂಕ್ಸ್ ಅಂತಾರೆ. ಬೆರಳಿಗೆ ಬಿಸಿ ಗೊತ್ತಾಗದೇ ಇದ್ದದ್ದು ಇದರಿಂದಲೇ. ಬರೀ ಮೆದುಳಿನ ಸ್ಕ್ಯಾನ್ ಮಾಡಿದ್ದರೆ ತಪ್ಪಿಹೋಗುತ್ತಿತ್ತು. ನೀವೂ ಕತ್ತಿನದ್ದು ಸೇರಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು, ಎದ್ದು ನಿಂತರೆ ನೋವು ಜಾಸ್ತಿ, ಮಲಗಿದರೆ ಕಡಿಮೆ ಅನ್ನೋದಿದ್ದರೆ ಅದನ್ನು ಖಂಡಿತ ಹೇಳಿ. ಬೆನ್ನುಹುರಿಯ ನೀರು ಎಲ್ಲೋ ಸೋರಿದರೂ ಮೆದುಳು ಕೆಳಗೆ ಜಗ್ಗಿ ಚಿಯಾರಿ ಹಾಗೇ ಕಾಣುತ್ತದೆ. ಅದರ ಚಿಕಿತ್ಸೆಯೇ ಬೇರೆ. ಅನುಮಾನ ಇದ್ದರೆ ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡುತ್ತಾರೆ.

ಅತ್ತಿಗೆಗೆ ತಲೆಯ ಹಿಂದಿನ ಮೂಳೆಯನ್ನು ಸ್ವಲ್ಪ ತೆಗೆದು ಜಾಗ ಮಾಡುವ ಆಪರೇಷನ್ ಆಯಿತು. ಕೆಮ್ಮಿದಾಗಿನ ನೋವು ಹೋಯಿತು, ಬೆರಳಿನ ಜೋಮು ಪೂರ್ತಿ ಹೋಗಿಲ್ಲ. ನಿಮಗೂ ಕೈ ಜೋಮು, ನುಂಗಲು ಕಷ್ಟ, ನಡೆಯುವಾಗ ತೂರಾಟ ಇದ್ದರೆ ಈ ವಾರವೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.