ಚೀಲಕ್ಕೊಂದು ರೂಪಾಯಿ ದಾನ: ಜನ ನಂಬುತ್ತಾರಾ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ ಕಂಪನಿ. ಚೀಲಕ್ಕೊಂದು ರೂಪಾಯಿ ಸರ್ಕಾರಿ ಶಾಲೆಗೆ ಎಂದು ಜಾಹೀರಾತು ಕೊಟ್ಟರೆ ಅದು ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚು, ಅಂದರೆ ಸಿಎಸ್‌ಆರ್ ಆಗುತ್ತದಾ? ಜನ ನಮ್ಮನ್ನು ಅವಕಾಶವಾದಿಗಳು ಅಂದಾರಾ?

ಉತ್ತರ: ಆಗುವುದಿಲ್ಲ. ಸರಕಿನ ಪ್ರಚಾರದ ಲಾಭಕ್ಕಾಗಿ ಮಾಡುವ ಪ್ರಾಯೋಜನೆಯನ್ನು ಸಿಎಸ್‌ಆರ್ ನಿಯಮಗಳೇ ಹೊರಗಿಟ್ಟಿವೆ. ಇದು ಮಾರಾಟದ ಖರ್ಚು, ಹಾಗೆಂದೇ ಹೇಳಿ.

ಅನುಮಾನ ಹುಟ್ಟುವುದು ಲೆಕ್ಕದಲ್ಲಿ. 20,000 ಚೀಲ ಮಾರಿದರೆ ಶಾಲೆಗೆ ಸಿಗುವುದು 20,000 ರೂಪಾಯಿ. ಫ್ಲೆಕ್ಸು, ಗೋಡೆಬರಹಕ್ಕೆ ಎರಡು ಲಕ್ಷ ಸುರಿದರೆ ಗಿರಾಕಿಗೆ ಅದು ಗೊತ್ತಾಗುತ್ತದೆ. ಅದೇ ವಾರ ಚೀಲದ ಬೆಲೆ ಐದು ರೂಪಾಯಿ ಏರಿದರಂತೂ ದಾನ ಕೊಟ್ಟಿದ್ದು ತಾನೇ ಅನ್ನುತ್ತಾನೆ. ಮಾರಾಟ ಎಷ್ಟೇ ಆಗಲಿ ಕೊಡುವ ಕನಿಷ್ಠ ಮೊತ್ತ, ಶಾಲೆಯ ಹೆಸರು, ಕೊನೆಯ ದಿನಾಂಕ ಚೀಲದ ಮೇಲೆಯೇ ಅಚ್ಚಾಗಲಿ. ಹಣ ಕಟ್ಟಿದ ರಸೀದಿಯನ್ನು ಅಂಗಡಿಗಳಲ್ಲಿ ಅಂಟಿಸಿ. ಗಿರಣಿಯ ಬೂದಿ ಪಕ್ಕದ ಓಣಿಗೆ ಹಾರುತ್ತಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ನಿಲ್ಲಿಸಿ.